ಕನ್ನಡದ ‘ಎ’, ‘ದಿ’ ಎಲ್ಲಿ ಅಡಗಿವೆ?

ಬ್ಯಾಂಕ್ ಪರೀಕ್ಷೆಗೆ ಓದುವವರಿಗೆಲ್ಲ ಗೊತ್ತಿರುವ ತಲೆನೋವು ಇದು. ಇಂಗ್ಲಿಷ್ ವಿಭಾಗದಲ್ಲಿ ಖಾಲಿ ಜಾಗ ಕೊಟ್ಟು ‘ಎ’ ಬರುತ್ತೋ ‘ದಿ’ ಬರುತ್ತೋ ಎಂದು ಕೇಳುತ್ತಾರೆ. ‘ಕನ್ನಡದಲ್ಲಿ ಆರ್ಟಿಕಲ್ಲೇ ಇಲ್ಲವಲ್ಲ, ಅದಕ್ಕೇ ನಮಗೆ ಗೊಂದಲ’ ಎಂಬ ಮಾತು ಕೋಚಿಂಗ್ ಕ್ಲಾಸುಗಳಲ್ಲಿ ಸಾಮಾನ್ಯ. ಆರ್ಟಿಕಲ್ ಇಲ್ಲದಿರುವುದು ನಿಜ. ಆದರೆ ಅದು ಮಾಡುವ ಕೆಲಸವನ್ನು ನಾವು ದಿನವೂ ಬೇರೆ ದಾರಿಯಲ್ಲಿ ಮಾಡುತ್ತಲೇ ಇದ್ದೇವೆ.

ನಾನಿರುವ ದಾವಣಗೆರೆಯ ವಿದ್ಯಾನಗರದಲ್ಲಿ ಓದುವ ಹುಡುಗರ ಬಾಯಲ್ಲಿ ಕೇಳಿಬರುವ ಮಾತನ್ನೇ ತೆಗೆದುಕೊಳ್ಳಿ: ‘ರೂಮ್ ಹುಡುಕ್ತಿದೀನಿ.’ ಇದನ್ನು ಕೇಳಿದ ಗೆಳೆಯ ‘ಎಂಥ ರೂಮ್ ಬೇಕು? ಬಾಡಿಗೆ ಎಷ್ಟರೊಳಗಿರಬೇಕು?’ ಎನ್ನುತ್ತಾನೆ. ಅದೇ ಹುಡುಗ ‘ರೂಮನ್ನ ಹುಡುಕ್ತಿದೀನಿ’ ಎಂದರೆ ಪ್ರಶ್ನೆ ಬದಲಾಗುತ್ತದೆ: ‘ಯಾವ ರೂಮು?’ ಮೊದಲ ಮಾತಿನಲ್ಲಿ ಯಾವುದಾದರೂ ಸರಿ, ಎರಡನೆಯದರಲ್ಲಿ ಗೊತ್ತಾದ ಒಂದು ರೂಮಿದೆ, ಅದರ ವಿಳಾಸ ಸಿಗುತ್ತಿಲ್ಲ. ವ್ಯತ್ಯಾಸ ತಂದದ್ದು ‘ಅನ್ನು’ ಎಂಬ ದ್ವಿತೀಯಾ ವಿಭಕ್ತಿ ಒಂದೇ. ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ 1999ರಲ್ಲಿ ಕನ್ನಡದ ಈ ವಿಭಕ್ತಿಯ ಬಗ್ಗೆಯೇ ಲೇಖನ ಬರೆದಿದ್ದಾರೆ. ದೂರದ ಟರ್ಕಿಯ ಭಾಷೆಯಲ್ಲೂ ಹೀಗೇ: ‘ಕಿತಾಪ್ ಓಕುದುಮ್’ ಎಂದರೆ ಏನೋ ಪುಸ್ತಕ ಓದಿದೆ, ‘ಕಿತಾಬಿ ಓಕುದುಮ್’ ಎಂದರೆ ಆ ಪುಸ್ತಕವನ್ನು ಓದಿದೆ.

ಹಾಗಾದರೆ ‘ಅನ್ನು’ ಬಂದಲ್ಲೆಲ್ಲ ‘ದಿ’ ಹಾಕಬಹುದೇ? ಹಾಕಿದರೆ ಅಂಕ ಹೋಗುತ್ತದೆ. ‘ಒಂದು ರೂಮನ್ನ ಹುಡುಕ್ತಿದೀನಿ, ಹೋದ ವಾರ ನೋಡಿದ್ದೆ’ ಎನ್ನುವಾಗ ಯಾವ ರೂಮೆಂದು ಹೇಳುವವನಿಗೆ ಗೊತ್ತು, ಕೇಳುವವನಿಗೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಇಲ್ಲಿ ‘ಎ’ ಬರಬೇಕು. ಏಕೆಂದರೆ ‘ದಿ’ ಬರಲು ಕೇಳುವವನಿಗೂ ಯಾವುದೆಂದು ಗೊತ್ತಾಗಬೇಕು. ನಮ್ಮ ‘ಅನ್ನು’ ನೋಡುವುದು ಹೇಳುವವನ ಮನಸ್ಸನ್ನು, ಇಂಗ್ಲಿಷಿನ ‘ದಿ’ ನೋಡುವುದು ಕೇಳುವವನ ಮನಸ್ಸನ್ನು.

ಮನುಷ್ಯರ ವಿಷಯಕ್ಕೆ ಬಂದರೆ ಈ ಸುಳಿವೂ ಸಿಗುವುದಿಲ್ಲ. ‘ಬಸ್ ಸ್ಟ್ಯಾಂಡಲ್ಲಿ ಒಬ್ಬ ಹುಡುಗನ್ನ ನೋಡಿದೆ’ ಎನ್ನಲೇಬೇಕು, ‘ಹುಡುಗ ನೋಡಿದೆ’ ಎಂದರೆ ಮಾತೇ ಕೆಡುತ್ತದೆ. ‘ಹೆಣ್ಣು ನೋಡೋಕೆ ಹೋಗಿದಾರೆ’ ಎನ್ನುತ್ತೇವಲ್ಲ ಎಂದು ನೀವು ಕೇಳಬಹುದು. ಅಲ್ಲಿ ‘ಹೆಣ್ಣು ನೋಡುವುದು’ ಎಂಬುದು ಮದುವೆ ಮಾತುಕತೆಯ ಒಂದು ಕೆಲಸದ ಹೆಸರು. ‘ಹೆಣ್ಣನ್ನ ನೋಡೋಕೆ’ ಎಂದರೆ ಮಾತ್ರ ಒಬ್ಬಳ ಕಡೆ ಬೆರಳು ತೋರಿಸಿದಂತೆ. ಇನ್ನು ಬರವಣಿಗೆಯಲ್ಲಿ ನಾವು ಅಭ್ಯಾಸಬಲದಿಂದಲೂ ‘ಅನ್ನು’ ಸೇರಿಸುತ್ತೇವೆ, ಆದ್ದರಿಂದ ಈ ವ್ಯತ್ಯಾಸವನ್ನು ಆಡುಮಾತಿನಲ್ಲೇ ಪರೀಕ್ಷಿಸುವುದು ಒಳ್ಳೆಯದು.

ಎರಡನೇ ದಾರಿ ಪದಗಳ ಜಾಗ. ‘ಟೇಬಲ್ ಮೇಲೆ ಪುಸ್ತಕ ಇದೆ’ ಎನ್ನುವಾಗ ಪುಸ್ತಕ ಹೊಸ ಸುದ್ದಿ, ಇಂಗ್ಲಿಷಿನಲ್ಲಿ ‘ಎ’ ಬರುತ್ತದೆ. ‘ಪುಸ್ತಕ ಟೇಬಲ್ ಮೇಲೆ ಇದೆ’ ಎಂದರೆ ಇಬ್ಬರಿಗೂ ಗೊತ್ತಿರುವ ಪುಸ್ತಕ, ಅಲ್ಲಿ ‘ದಿ’. ಒಂದಕ್ಷರವೂ ಬದಲಾಗಿಲ್ಲ. ಗೊತ್ತಿರುವುದು ಮುಂದೆ ಬಂದಿದೆ, ಹೊಸದು ಕ್ರಿಯಾಪದದ ಪಕ್ಕ ಕೂತಿದೆ.

ಮೂರನೆಯದು ಸಂಖ್ಯೆ ಮತ್ತು ‘ಆ’. ಅಜ್ಜಿ ಕಥೆ ನೆನಪಿಸಿಕೊಳ್ಳಿ: ಒಂದೂರಲ್ಲಿ ಒಬ್ಬ ರಾಜ, ಆ ರಾಜನಿಗೆ ಮೂರು ಜನ ಮಕ್ಕಳು. ‘ಒಬ್ಬ’ ಹೊಸಬನನ್ನು ಒಳಗೆ ಕರೆತರುತ್ತದೆ, ‘ಆ’ ಅವನನ್ನೇ ಹಿಡಿದು ತೋರಿಸುತ್ತದೆ. ಆದರೆ ‘ಆ’ ಕೂಡ ಪೂರ್ತಿ ‘ದಿ’ ಅಲ್ಲ. ಇಂಗ್ಲಿಷಿನವರು ಸೂರ್ಯನಿಗೂ ‘ದಿ’ ಹಾಕುತ್ತಾರೆ, ನಾವು ‘ಆ ಸೂರ್ಯ ಹುಟ್ಟಿದ’ ಎನ್ನುವುದಿಲ್ಲ. ‘ಓನರ್ ಬಂದ್ರು’ ಎಂದರೆ ನಮ್ಮ ಮನೆ ಓನರ್ ಎಂದೇ ಅರ್ಥ. ‘ಆ ಓನರ್ ಬಂದ್ರು’ ಎಂದರೆ ‘ಯಾರು, ಹಿಂದಿನ ಬೀದಿಯವರಾ?’ ಎಂಬ ಪ್ರಶ್ನೆ ಹುಟ್ಟುತ್ತದೆ.

ಸಂಖ್ಯೆಗೆ ಒಂದು ದೀರ್ಘ ಸೇರಿಸಿದರೂ ಸಾಕು. ‘ಹರಿಹರದ ಮೂರು ಬಸ್ ಹೋದ್ವು’ ಎಂದರೆ ಇನ್ನೂ ಬಸ್ ಇರಬಹುದು, ನಿಲ್ಲಬಹುದು. ‘ಮೂರೂ ಬಸ್ ಹೋದ್ವು’ ಎಂದರೆ ಲೆಕ್ಕದಲ್ಲಿದ್ದವೆಲ್ಲ ಮುಗಿದವು, ಆಟೊ ನೋಡಿಕೊಳ್ಳಬೇಕು. ಇಂಗ್ಲಿಷಿಗೆ ತರುವಾಗ ಎರಡನೆಯದಕ್ಕೆ ಮಾತ್ರ ‘ದಿ’ ಬರಬಹುದು.

ಖಾಲಿ ಜಾಗ ಎದುರಾದಾಗ ನಾನು ವಾಕ್ಯವನ್ನು ಮೊದಲು ಆಡುಗನ್ನಡಕ್ಕೆ ತರುತ್ತೇನೆ. ಆಮೇಲೆ ಕೇಳುವವನ ಜಾಗದಲ್ಲಿ ನಿಂತು ‘ಯಾವುದು?’ ಎಂದು ಕೇಳಿಕೊಳ್ಳುತ್ತೇನೆ. ಹಿಂದಿನ ಸಾಲಿನಿಂದಲೋ ಸಂದರ್ಭದಿಂದಲೋ ಉತ್ತರ ಮೊದಲೇ ಸಿಕ್ಕಿದ್ದರೆ ‘ದಿ’. ಒಂದೇ ವಸ್ತುವಿನ ಮಾತಾಗಿದ್ದು, ಕೇಳುವವನು ಇನ್ನೂ ‘ಯಾವುದು?’ ಅಥವಾ ‘ಎಂಥದ್ದು?’ ಎಂದು ಕೇಳಬೇಕಾಗಿದ್ದರೆ ‘ಎ’.