ಸೂಚನೆಗೆ ಅನುಮತಿ: ಕೇಳುವ ಹೊತ್ತೇ ಮುಖ್ಯ

ಜಯನಗರ 4ನೇ ಬ್ಲಾಕಿನ ಹೋಳಿಗೆ ಅಂಗಡಿಯೊಂದು ಯುಗಾದಿಯ ಮುಂಗಡ ಆರ್ಡರುಗಳಿಗಾಗಿ ಸ್ವಂತ ಆ್ಯಪ್ ಮಾಡಿಸಿದೆ ಎಂದು ಭಾವಿಸೋಣ. ಹೋಳಿಗೆ ಸಿದ್ಧವಾದೊಡನೆ ಗ್ರಾಹಕರ ಮೊಬೈಲಿಗೆ ಸೂಚನೆ ಹೋಗಬೇಕು. ಅದಕ್ಕೆ ಅವರ ಅನುಮತಿ ಅಗತ್ಯ. ಅನೇಕ ಆ್ಯಪ್‌ಗಳು ಈ ಅನುಮತಿಯನ್ನು ತೆರೆದ ಮರುಕ್ಷಣವೇ ಕೇಳುತ್ತವೆ. ಇನ್ನೂ ಸರಕನ್ನೇ ನೋಡದ ಗ್ರಾಹಕರು ಆಗ ‘ಬೇಡ’ ಎನ್ನುವುದು ಸಹಜ.

ಆ ‘ಬೇಡ’ದ ಬೆಲೆ ದೊಡ್ಡದು. ಐಫೋನಿನಲ್ಲಿ ಅನುಮತಿ ಕೇಳುವ ಚೌಕ ಒಮ್ಮೆ ಮಾತ್ರ ಮೂಡುತ್ತದೆ. ನಿರಾಕರಿಸಿದವರು ಮನಸ್ಸು ಬದಲಿಸಿದರೆ ತಾವೇ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಡಬೇಕು. ಆಂಡ್ರಾಯ್ಡ್‌ನಲ್ಲಿ ಮೊದಲು ಅನುಮತಿ ತಾನಾಗಿಯೇ ದೊರೆಯುತ್ತಿತ್ತು. 2022ರಲ್ಲಿ ಬಂದ 13ನೇ ಆವೃತ್ತಿಯಿಂದ ಹೊಸದಾಗಿ ಹಾಕಿಕೊಂಡ ಆ್ಯಪ್ ಕೇಳಿಯೇ ಪಡೆಯಬೇಕು. ಎರಡು ಬಾರಿ ನಿರಾಕರಿಸಿದರೆ ಅಲ್ಲಿಯೂ ಚೌಕ ಮತ್ತೆ ಮೂಡದು.

ಈ ಚೌಕದ ಮಾತುಗಳನ್ನು ಬದಲಿಸುವ ಅಧಿಕಾರ ವರ್ತಕರಿಗಿಲ್ಲ. ಆದುದರಿಂದ ಅದಕ್ಕೆ ಮುಂಚಿನ ಪುಟವೇ ಕೆಲಸ ಮಾಡಬೇಕು. ಹಣ ಸಂದಾಯವಾಗಿ ಆರ್ಡರ್ ಖಚಿತಗೊಂಡ ಪುಟದಲ್ಲಿ ‘ಹೋಳಿಗೆ ಸಿದ್ಧವಾದಾಗ ತಿಳಿಸಿ’ ಎಂಬ ಗುಂಡಿಯನ್ನಿಡಿ. ಅದರ ಕೆಳಗೆ ‘ಈ ಆರ್ಡರಿನ ಸೂಚನೆ ಮಾತ್ರ’ ಎಂದು ಬರೆಯಿರಿ. ಗ್ರಾಹಕರು ಗುಂಡಿ ಒತ್ತಿದ ಬಳಿಕವಷ್ಟೇ ಫೋನಿನ ಚೌಕ ಮೂಡಲಿ. ಒತ್ತದವರು ನಿರಾಕರಿಸಿದಂತಾಗುವುದಿಲ್ಲ; ಮುಂದಿನ ಆರ್ಡರಿನಲ್ಲಿ ಅದೇ ಗುಂಡಿ ಅವರಿಗಾಗಿ ಕಾದಿರುತ್ತದೆ. ಚೌಕದಲ್ಲಿ ನಿರಾಕರಿಸಿದವರಿಗೆ ಗುಂಡಿಯ ಬದಲು ಸೆಟ್ಟಿಂಗ್ಸ್ ತೆರೆಯುವ ಕೊಂಡಿಯನ್ನು ತೋರಿಸಬಹುದು.

ಕೊಟ್ಟ ಮಾತಿಗೆ ತಪ್ಪಬಾರದು. ಆರ್ಡರಿಗೆಂದು ಪಡೆದ ಅನುಮತಿಯಲ್ಲಿ ರಿಯಾಯಿತಿಯ ಪ್ರಚಾರ ಕಳುಹಿಸಿದರೆ ಗ್ರಾಹಕರು ಎಲ್ಲ ಸೂಚನೆಗಳನ್ನೂ ಮುಚ್ಚಿಬಿಡುತ್ತಾರೆ. ಪ್ರಚಾರಕ್ಕೆ ಆ್ಯಪ್‌ನೊಳಗೇ ಸ್ಪಷ್ಟ ಒಪ್ಪಿಗೆ ಪಡೆದು, ಅದರಿಂದ ಹೊರಬರುವ ದಾರಿಯನ್ನೂ ಒದಗಿಸಬೇಕೆಂಬುದು ಆಪಲ್ ಸಂಸ್ಥೆಯ ನಿಯಮ. ಆಂಡ್ರಾಯ್ಡ್‌ನಲ್ಲಿ ಆರ್ಡರಿಗೂ ಪ್ರಚಾರಕ್ಕೂ ಬೇರೆ ಬೇರೆ ಚಾನೆಲ್ ಮಾಡಿದರೆ, ಗ್ರಾಹಕರು ಪ್ರಚಾರವನ್ನಷ್ಟೇ ನಿಲ್ಲಿಸಬಹುದು.

ಫಲಿತಾಂಶ ಅಳೆಯುವಾಗ ಒಂದು ಎಚ್ಚರ ಅಗತ್ಯ. ಉದಾಹರಣೆಗೆ, ಆರ್ಡರ್ ಕೊಟ್ಟ 100 ಮಂದಿಯಲ್ಲಿ 40 ಮಂದಿ ಗುಂಡಿ ಒತ್ತಿ, 36 ಮಂದಿ ಚೌಕದಲ್ಲಿ ಅನುಮತಿ ಕೊಟ್ಟರೆನ್ನೋಣ. ತಂತ್ರಜ್ಞರು ಇದನ್ನು ಶೇ. 90 ಎಂದು ವರದಿ ಮಾಡಬಹುದು. ಅಂಗಡಿಗೆ ದಕ್ಕಿದ್ದು ಶೇ. 36 ಮಾತ್ರ. ಗುಂಡಿ ಒತ್ತಿದವರೇ ಕಡಿಮೆಯಾದರೆ ಅದರ ಸ್ಥಳ ಅಥವಾ ಮಾತು ಸರಿಯಿಲ್ಲ. ಒತ್ತಿದವರು ಚೌಕದಲ್ಲಿ ಹಿಂಜರಿದರೆ, ಮುಂದೇನಾಗುವುದೆಂದು ಗುಂಡಿಯ ಮಾತು ಅವರಿಗೆ ತಿಳಿಸಿಲ್ಲ. ಒಂದು ತಿಂಗಳ ಬಳಿಕ ಎಷ್ಟು ಮಂದಿಯ ಅನುಮತಿ ಉಳಿದಿದೆ ಎಂಬುದನ್ನೂ ಲೆಕ್ಕ ಹಾಕಬೇಕು.

ಒಪ್ಪುವವರೆಗೆ ಪ್ರತಿ ಪುಟದಲ್ಲೂ ಕೇಳುತ್ತಿರುವುದು ಇದಕ್ಕೆ ಪರಿಹಾರವಲ್ಲ. ಗ್ರಾಹಕರನ್ನು ಹೀಗೆ ಪದೇ ಪದೇ ಪೀಡಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿಗಳು ನಿಷಿದ್ಧ ತಂತ್ರಗಳ ಪಟ್ಟಿಗೆ ಸೇರಿಸಿವೆ. ಒಂದು ಆರ್ಡರಿಗೆ ಒಂದು ಸಲ ಕೇಳಿದರೆ ಸಾಕು.