ಪಾಲು, ಬಿಡುಗಡೆ, ದಾನ: ಹಿರಿಯರ ಹೊಲ ಹಂಚಿಕೊಳ್ಳುವಾಗ ಯಾವ ಪತ್ರ?

ನವೆಂಬರ್ 2ರಂದು ಸಕಲ ಮೃತರ ಸ್ಮರಣೆಗಾಗಿ ಸಮಾಧಿಗಳ ಬಳಿ ಸೇರುವ ನಮ್ಮ ಕುಟುಂಬಗಳಲ್ಲಿ, ಮೇಣದಬತ್ತಿ ಹಚ್ಚಿ ಪ್ರಾರ್ಥನೆ ಮುಗಿಸಿ ಮನೆಗೆ ಬಂದ ಮೇಲೆ ಹೊರಡುವ ಮಾತು ಬಹುಮಟ್ಟಿಗೆ ಒಂದೇ. ಅಪ್ಪನ ಹೊಲ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ; ಅಕ್ಕ ಹುಬ್ಬಳ್ಳಿಯಿಂದ ಬಂದಿದ್ದಾಳೆ, ತಮ್ಮ ರಜೆಯ ಮೇಲಿದ್ದಾನೆ; ಈ ಸಲವಾದರೂ ಕಾಗದ ಮಾಡಿಸಿಬಿಡೋಣ. ಆದರೆ ಯಾವ ಕಾಗದ ಎಂಬ ಪ್ರಶ್ನೆಗೆ ಪತ್ರ ಬರೆಯುವವರು ಒಂದು ಹೆಸರು ಹೇಳುತ್ತಾರೆ, ನೆರೆಯವರು ಇನ್ನೊಂದು. ವಿಭಾಗ ಪತ್ರ, ಹಕ್ಕು ಬಿಡುಗಡೆ ಪತ್ರ, ದಾನಪತ್ರ ಈ ಮೂರರ ಮುದ್ರಾಂಕ ಶುಲ್ಕದಲ್ಲಿ ಕೆಲವೊಮ್ಮೆ ಸಾವಿರಕ್ಕೂ ಲಕ್ಷಕ್ಕೂ ಇರುವಷ್ಟು ಅಂತರವಿದೆ. ಆ ಅಂತರ ಹುಟ್ಟುವುದು ಎಲ್ಲಿ ಎಂಬುದನ್ನು ಈ ವಾರ ನೋಡೋಣ.

ಮೊದಲು ನಮ್ಮ ವಾರಸಾ ಕಾನೂನಿನ ಒಂದು ಮಾತು. ಕ್ರೈಸ್ತರಾದ ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ. ಮರಣಶಾಸನ ಬರೆಯದೆ ತೀರಿಕೊಂಡವರ ಆಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಭಾಗ, ಉಳಿದದ್ದು ಮಕ್ಕಳಿಗೆ. ಮಗನೆಂದು ಹೆಚ್ಚಿಲ್ಲ, ಮಗಳೆಂದು ಕಡಿಮೆಯಿಲ್ಲ. ಹಿಂದೂ ಅವಿಭಕ್ತ ಕುಟುಂಬದಲ್ಲಿರುವಂತೆ ಹುಟ್ಟಿನಿಂದ ಬರುವ ಹಕ್ಕು ನಮ್ಮಲ್ಲಿಲ್ಲ. ತಂದೆ ಬದುಕಿರುವವರೆಗೆ ಆಸ್ತಿ ಪೂರ್ತಿ ತಂದೆಯದೇ. ಅವರು ಕಣ್ಮುಚ್ಚಿದ ಗಳಿಗೆಯಿಂದ ಪ್ರತಿಯೊಬ್ಬ ವಾರಸುದಾರನೂ ತನ್ನ ಗೊತ್ತಾದ ಪಾಲಿಗೆ ಒಡೆಯ. ಮೂರು ಪತ್ರಗಳ ಲೆಕ್ಕವೂ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಉದಾಹರಣೆಗೆ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ, ಬೆಣ್ಣೆಹಳ್ಳದ ಕಡೆಗೆ, ಅಜ್ಜನೊಬ್ಬ 12 ಎಕರೆ ಎರೆ ಹೊಲ ಬಿಟ್ಟು ತೀರಿಕೊಂಡಿದ್ದಾನೆ. ಅಜ್ಜಿ ಮೊದಲೇ ತೀರಿದ್ದಳು. ಇಬ್ಬರು ಗಂಡುಮಕ್ಕಳಿಗೆ ಆರಾರು ಎಕರೆ ಬಂತು. ಮುಂದೆ ಆ ಇಬ್ಬರೂ, ಅವರ ಹೆಂಡಂದಿರೂ ತೀರಿಕೊಂಡರು. ಹಿರಿಯವನಿಗೆ ಒಬ್ಬ ಮಗ, ಒಬ್ಬ ಮಗಳು. ಕಿರಿಯವನಿಗೆ ಒಬ್ಬನೇ ಮಗ. ಆದ್ದರಿಂದ ಇಂದು ಅಣ್ಣನಿಗೆ 3 ಎಕರೆ, ತಂಗಿಗೆ 3 ಎಕರೆ, ಚಿಕ್ಕಪ್ಪನ ಮಗನಿಗೆ 6 ಎಕರೆಯ ಹಕ್ಕು. ಹೊಲ ಮಾತ್ರ ಒಟ್ಟಿಗೇ ಇದೆ. ಸರ್ಕಾರದ ಮಾರ್ಗಸೂಚಿ ಬೆಲೆ ಎಕರೆಗೆ 8 ಲಕ್ಷ ಎಂದು ಲೆಕ್ಕದ ಸಲುವಾಗಿ ಹಿಡಿಯೋಣ.

ಮೂವರೂ ತಮ್ಮ ತಮ್ಮ ಪಾಲಿನ ನೆಲವನ್ನು ಬೇರೆ ಮಾಡಿಕೊಳ್ಳಬೇಕೆಂದರೆ ಬೇಕಾದದ್ದು ವಿಭಾಗ ಪತ್ರ. 1957ರ ಕರ್ನಾಟಕ ಮುದ್ರಾಂಕ ಅಧಿನಿಯಮದ ಪ್ರಕಾರ ಸಹಮಾಲೀಕರು ತಮ್ಮ ಆಸ್ತಿಯನ್ನು ಪ್ರತ್ಯೇಕವಾಗಿ ಹಂಚಿಕೊಳ್ಳುವ ಪತ್ರವೇ ವಿಭಾಗ ಪತ್ರ. ಇಲ್ಲಿ ಯಾರೂ ಯಾರಿಗೂ ಏನನ್ನೂ ಕೊಡುತ್ತಿಲ್ಲ. ಇದ್ದ ಹಕ್ಕಿಗೆ ಗಡಿ ಹಾಕಿಕೊಳ್ಳುತ್ತಿದ್ದಾರೆ ಅಷ್ಟೇ. ಹೀಗಾಗಿ ಶುಲ್ಕ ಹೊಲದ ಬೆಲೆಯ ಮೇಲಲ್ಲ, ಪಾಲುಗಳ ಎಣಿಕೆಯ ಮೇಲೆ. ಕೃಷಿ ಜಮೀನಿಗೆ ಹಿಂದೆ ಪಾಲೊಂದಕ್ಕೆ 250 ರೂಪಾಯಿ ಇದ್ದುದನ್ನು 2023ರ ತಿದ್ದುಪಡಿ 1,000 ರೂಪಾಯಿಗೆ ಏರಿಸಿತು. ನಮ್ಮ ಉದಾಹರಣೆಯಲ್ಲಿ ಮೂರು ಪಾಲಿಗೆ 3,000 ರೂಪಾಯಿ. ಮನೆ, ನಿವೇಶನಗಳಿಗೆ ಪಾಲಿನ ದರ ಇದಕ್ಕಿಂತ ಹೆಚ್ಚು. ಹೊಲ ಒಂದು ಕೋಟಿಯದಾದರೂ ಹತ್ತು ಲಕ್ಷದ್ದಾದರೂ ಲೆಕ್ಕ ಬದಲಾಗುವುದಿಲ್ಲ. ಹಂಚಿಕೊಳ್ಳುವವರು ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳಾದರೂ ಚಿಂತೆಯಿಲ್ಲ. ಅವರು ಸಹಮಾಲೀಕರಾಗಿದ್ದರೆ ಸಾಕು.

ಈಗ ತಂಗಿ, 'ನನಗೆ ಹೊಲ ಬೇಡ, ನನ್ನ ಪಾಲು ನಿಮಗೇ ಇರಲಿ' ಎಂದಳೆನ್ನೋಣ. ಇದು ವಿಭಾಗವಲ್ಲ. ಒಬ್ಬಳಿಗೆ ಏನೂ ಬಾರದ ಪತ್ರಕ್ಕೆ ವಿಭಾಗ ಪತ್ರವೆಂದು ತಲೆಬರಹ ಕೊಟ್ಟ ಮಾತ್ರಕ್ಕೆ ಅದು ವಿಭಾಗವಾಗುವುದಿಲ್ಲ. ಶುಲ್ಕ ನಿರ್ಧಾರವಾಗುವುದು ಒಳಗಿನ ಒಕ್ಕಣೆಯಿಂದ. ಇಲ್ಲಿ ಬೇಕಾದದ್ದು ಹಕ್ಕು ಬಿಡುಗಡೆ ಪತ್ರ. ಸಹಮಾಲೀಕರಲ್ಲಿ ಒಬ್ಬರು ತಮ್ಮ ಹಕ್ಕನ್ನು ಈಗಾಗಲೇ ಹಕ್ಕಿರುವ ಇನ್ನೊಬ್ಬರ ಪರವಾಗಿ ಬಿಟ್ಟುಕೊಡುವ ಪತ್ರವದು. ಪಡೆಯುವವನಿಗೆ ಆ ಆಸ್ತಿಯಲ್ಲಿ ಮೊದಲೇ ಹಕ್ಕಿರಬೇಕು ಎಂಬುದೇ ಅದರ ಗುರುತು.

ತಂಗಿ ತನ್ನ ಪಾಲನ್ನು ಯಾರಿಗೆ ಬಿಡುತ್ತಾಳೆ ಎಂಬುದರ ಮೇಲೆ ಖರ್ಚು ಇಬ್ಭಾಗವಾಗುವುದು ಇಲ್ಲಿಯೇ. ಒಡಹುಟ್ಟಿದ ಅಣ್ಣನಿಗೆ ಬಿಟ್ಟರೆ ಅದು ಕುಟುಂಬದ ಸದಸ್ಯರ ನಡುವಿನ ಬಿಡುಗಡೆ. ಹೊಲದ ಬೆಲೆ ಎಷ್ಟೇ ಇರಲಿ, ಸಾವಿರಗಳ ಲೆಕ್ಕದ ನಿಗದಿತ ಮೊತ್ತ ಕಟ್ಟಿದರೆ ಮುಗಿಯಿತು. ಅದೇ 3 ಎಕರೆಯನ್ನು ಚಿಕ್ಕಪ್ಪನ ಮಗನಿಗೆ ಬಿಟ್ಟರೆ, ಅವನೂ ಸಹಮಾಲೀಕನೇ ಆದ್ದರಿಂದ ಪತ್ರದ ಹೆಸರು ಬಿಡುಗಡೆ ಪತ್ರವೇ ಆದರೂ, ಮುದ್ರಾಂಕ ಕಾನೂನಿನ ಕಣ್ಣಿನಲ್ಲಿ ಅವನು 'ಕುಟುಂಬ' ಅಲ್ಲ. ಆಗ ಕ್ರಯಪತ್ರದ ದರವೇ ಅನ್ವಯ: ಬೆಲೆಯ ಶೇಕಡಾ 5. ಮೂರು ಎಕರೆಗೆ 24 ಲಕ್ಷ; ಅದರ ಶೇಕಡಾ 5 ಎಂದರೆ 1,20,000 ರೂಪಾಯಿ. ನೋಂದಣಿ ಶುಲ್ಕ ಬೇರೆ. ನಮ್ಮ ಆಡುಮಾತಿನಲ್ಲಿ ಚಿಕ್ಕಪ್ಪನ ಮಗನೂ ತಮ್ಮನೇ. ಒಂದೇ ಅಂಗಳದಲ್ಲಿ ಬೆಳೆದವನು. ಕಾನೂನಿನ ಪಟ್ಟಿ ಅದನ್ನು ಎಣಿಸುವುದಿಲ್ಲ.

ಅಣ್ಣನಿಗೆ ಮೊದಲು ಬಿಟ್ಟು, ಆಮೇಲೆ ವಿಭಾಗದ ಹೆಸರಿನಲ್ಲಿ ಅಣ್ಣ 3 ಎಕರೆಯನ್ನೇ ಇಟ್ಟುಕೊಂಡು ಚಿಕ್ಕಪ್ಪನ ಮಗನಿಗೆ 9 ಎಕರೆ ಕೊಟ್ಟರಾಗದೆ ಎಂದು ಕೇಳುವವರಿದ್ದಾರೆ. ಹಾಗೆ ಮಾಡಬಾರದು. ಶುಲ್ಕಕ್ಕೆ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಪತ್ರದಲ್ಲಿ ನಿಜವಾಗಿ ಬರೆಯಬೇಕೆಂದು ಕಾಯಿದೆ ಹೇಳುತ್ತದೆ. ಶುಲ್ಕ ಕಡಿಮೆ ಬಿದ್ದ ಪತ್ರವನ್ನು ಅಧಿಕಾರಿ ತಡೆಹಿಡಿಯಬಹುದು. ಮುಂದೆಂದಾದರೂ ನ್ಯಾಯಾಲಯದಲ್ಲಿ ಅದನ್ನು ಹಾಜರುಪಡಿಸಿದರೆ, ಕೊರತೆಯ ಹಣವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟುವವರೆಗೆ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ತಂಗಿಯ ಮನಸ್ಸು ನಿಜವಾಗಿಯೂ ಚಿಕ್ಕಪ್ಪನ ಮಗನಿಗೆ ಕೊಡಬೇಕೆಂದೇ ಇದ್ದರೆ ಎರಡು ನೇರ ದಾರಿಗಳಿವೆ: ಶುಲ್ಕ ತೆತ್ತು ಈಗಲೇ ಕೊಡುವುದು, ಇಲ್ಲವೆ ವಿಭಾಗದಲ್ಲಿ ತನ್ನ 3 ಎಕರೆಯನ್ನು ತಾನೇ ತೆಗೆದುಕೊಂಡು, ಅವನ ಹೆಸರಿಗೆ ಮರಣಶಾಸನ ಬರೆಯುವುದು. ಮರಣಶಾಸನಕ್ಕೆ ಮುದ್ರಾಂಕ ಶುಲ್ಕವಿಲ್ಲ. ಆದರೆ ಅದು ಜಾರಿಗೆ ಬರುವುದು ಬರೆದವಳ ಮರಣಾನಂತರ. ಅದುವರೆಗೆ ಅವಳು ಮನಸ್ಸು ಬದಲಿಸಬಹುದು.

ಇನ್ನು ದಾನಪತ್ರ. ಪಡೆಯುವವನಿಗೆ ಆಸ್ತಿಯಲ್ಲಿ ಮೊದಲು ಯಾವ ಹಕ್ಕೂ ಇಲ್ಲದಿದ್ದಾಗ ಬಿಡುಗಡೆ ಪತ್ರ ನಡೆಯದು, ದಾನವೇ ಆಗಬೇಕು. ಇಲ್ಲಿಯೂ ಕಾಯಿದೆ ಒಂದು ಪಟ್ಟಿ ಕೊಟ್ಟಿದೆ: ತಂದೆ, ತಾಯಿ, ಗಂಡ, ಹೆಂಡತಿ, ಮಗ, ಮಗಳು, ಸೊಸೆ, ಸಹೋದರ, ಸಹೋದರಿ, ಮೊಮ್ಮಕ್ಕಳು. ಇವರಿಗೆ ದಾನ ಮಾಡಿದರೆ ನಿಗದಿತ ಸಣ್ಣ ಮೊತ್ತ. ಪಟ್ಟಿಯ ಹೊರಗಿನವರಿಗಾದರೆ ಬೆಲೆಯ ಶೇಕಡಾ 5 ಮತ್ತು ಅದರ ಮೇಲಿನ ಅಧಿಕ ಶುಲ್ಕಗಳು. ಸೊಸೆ ಪಟ್ಟಿಯಲ್ಲಿದ್ದಾಳೆ, ಅಳಿಯನಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮಗಳ ಸಂಸಾರಕ್ಕೆಂದು ಕೊಡುವ ಹೊಲವನ್ನು ಅಳಿಯನ ಹೆಸರಿಗೆ ಬರೆಸಿದರೆ ಲಕ್ಷದ ಲೆಕ್ಕ. ಮಗಳ ಹೆಸರಿಗೆ ಬರೆಸಿದರೆ ಸಾವಿರದ ಲೆಕ್ಕ.

ನಮ್ಮ ಕುಟುಂಬಗಳು ಹೆಚ್ಚಾಗಿ ಎಡವುವುದು ಇದಕ್ಕೆ ಹೊಂದಿಕೊಂಡ ಇನ್ನೊಂದು ಕಡೆ. ನೆರೆಮನೆಯ ಹಿಂದೂ ಕುಟುಂಬದಲ್ಲಿ ತಂದೆ ಬದುಕಿರುವಾಗಲೇ ಪಿತ್ರಾರ್ಜಿತ ಆಸ್ತಿಯ ವಿಭಾಗ ಆಗುವುದನ್ನು ಕಂಡು, ನಮ್ಮ ಹಿರಿಯರೂ ಹಾಗೆಯೇ ಬರೆಸಲು ಹೊರಡುತ್ತಾರೆ. ಅವರಲ್ಲಿ ಮಕ್ಕಳೂ ಸಹಮಾಲೀಕರು. ನಮ್ಮಲ್ಲಿ ತಂದೆ ಇರುವಾಗ ಮಕ್ಕಳು ಮಾಲೀಕರೇ ಅಲ್ಲ. ಮಾಲೀಕನೊಬ್ಬನೇ ಇರುವಾಗ ವಿಭಾಗವೆಲ್ಲಿ ಬಂತು? ಅಂಥ ಪತ್ರ ನಿಜದಲ್ಲಿ ದಾನ. ಮಕ್ಕಳಿಗೆ ಕೊಡುವ ದಾನದ ಶುಲ್ಕವೂ ಕಡಿಮೆಯೇ ಆದ್ದರಿಂದ ಹಣದ ಮಟ್ಟಿಗೆ ನಷ್ಟ ದೊಡ್ಡದಲ್ಲ. ನಷ್ಟವಾಗುವುದು ಬೇರೆ ಕಡೆ. ದಾನ ಸಿಂಧುವಾಗಲು ನೋಂದಣಿ, ಇಬ್ಬರು ಸಾಕ್ಷಿಗಳು, ದಾನಿಯ ಜೀವಿತಕಾಲದಲ್ಲೇ ಪಡೆಯುವವನ ಸ್ವೀಕಾರ ಇವೆಲ್ಲ ಬೇಕು. ಕೊಟ್ಟ ಮೇಲೆ ಮನಸ್ಸು ಬದಲಾಯಿತೆಂದು ಹಿಂದೆ ಪಡೆಯಲಾಗುವುದಿಲ್ಲ. ಮುಪ್ಪಿನಲ್ಲಿ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿದ್ದರೆ, ಮಕ್ಕಳು ಕೈಬಿಟ್ಟಾಗ 2007ರ ಹಿರಿಯ ನಾಗರಿಕರ ಪೋಷಣಾ ಕಾಯಿದೆಯ ಅಡಿಯಲ್ಲಿ ದಾನವನ್ನು ರದ್ದುಗೊಳಿಸಲು ಕೇಳಬಹುದು. ಷರತ್ತು ಬರೆಯದಿದ್ದರೆ ಆ ಬಾಗಿಲು ತೆರೆಯುವುದು ಬಹಳ ಕಷ್ಟ. ಪಾಲು ಮಾಡಿದ್ದೇವೆಂದು ತಿಳಿದ ತಂದೆತಾಯಿಗೆ ಆ ಷರತ್ತು ಬರೆಸಬೇಕೆಂಬ ನೆನಪೂ ಬರುವುದಿಲ್ಲ.

ಮತ್ತೆ ಯಮನೂರಿನ ಹೊಲಕ್ಕೆ ಬರೋಣ. ಪತ್ರಕ್ಕೆ ಮೊದಲು ಪಹಣಿಯಲ್ಲಿ ಮೂವರ ಹೆಸರಿಗೂ ವಾರಸಾ ದಾಖಲಾಗಬೇಕು. ಹೊಲವನ್ನು ಒಡೆದು ವಿಭಾಗ ಮಾಡುವುದಾದರೆ ಭೂಮಾಪಕರಿಂದ 11ಇ ನಕ್ಷೆ ಮಾಡಿಸಬೇಕು. ಆಮೇಲೆ ಉಪನೋಂದಣಾಧಿಕಾರಿಗಳ ಕಚೇರಿ. ತಂಗಿ ಅಣ್ಣನಿಗೆ ಬಿಡುವುದಾದರೆ ಮೊದಲು ಬಿಡುಗಡೆ ಪತ್ರ, ನಂತರ ಅಣ್ಣನಿಗೂ ಚಿಕ್ಕಪ್ಪನ ಮಗನಿಗೂ ಆರಾರು ಎಕರೆಯ ವಿಭಾಗ ಪತ್ರ. ಆಗ ಪಾಲು ಎರಡೇ, ಶುಲ್ಕ 2,000 ರೂಪಾಯಿ. ಬಿಡುಗಡೆ ಪತ್ರದಲ್ಲಿ ಯಾರ ಪರವಾಗಿ ಎಂಬುದನ್ನು ಹೆಸರು ಹೇಳಿ ಬರೆಸಬೇಕು. 'ಉಳಿದ ಪಾಲುದಾರರಿಗೆ' ಎಂದು ಬರೆದುಬಿಟ್ಟರೆ ಅದರಲ್ಲಿ ಚಿಕ್ಕಪ್ಪನ ಮಗನೂ ಸೇರುತ್ತಾನೆ. ಅವನಿಗೆ ಸೇರುವಷ್ಟಕ್ಕೆ ಶೇಕಡಾ 5ರ ಪ್ರಶ್ನೆ ಏಳುತ್ತದೆ.

ಕೊನೆಯದಾಗಿ ಆ ತಂಗಿಯ ಬಗ್ಗೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಂದ ಸಣ್ಣ ಬೆಲೆಯ ಛಾಪಾ ಕಾಗದದ ಮೇಲೆ 'ನನ್ನ ತಕರಾರಿಲ್ಲ' ಎಂದು ಸಹಿ ಹಾಕಿಸಿಕೊಂಡು ಪೆಟ್ಟಿಗೆಯಲ್ಲಿಡುವ ರೂಢಿ ಇದೆ. ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಹಕ್ಕನ್ನು ಬಿಡುವ ಪತ್ರ ನೋಂದಣಿಯಾಗಲೇಬೇಕು. ನೋಂದಣಿಯಿಲ್ಲದ ಆ ಕಾಗದದಿಂದ ಅವಳ ಹಕ್ಕು ಹೋಗುವುದಿಲ್ಲ, ಅಣ್ಣನಿಗೆ ಬರುವುದೂ ಇಲ್ಲ. ಇಪ್ಪತ್ತು ವರ್ಷದ ಮೇಲೆ ಹೊಲ ಮಾರಲು ಹೋದಾಗ ಅವಳ ಮಕ್ಕಳ ಸಹಿ ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಇನ್ನು ನೋಂದಾಯಿತ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಆ 24 ಲಕ್ಷದ ಹಕ್ಕು ಅಂದೇ ಹೋಯಿತು. ಆದ್ದರಿಂದ ಶುಲ್ಕ ಕಡಿಮೆಯೆಂಬ ಒಂದೇ ಕಾರಣಕ್ಕೆ ಅವಳನ್ನು ಬಿಡುಗಡೆಯ ಕಡೆಗೆ ತಳ್ಳಬಾರದು. ಅವಳೂ ಸೇರಿ ಮೂರು ಪಾಲಿನ ವಿಭಾಗ ಮಾಡಿಕೊಂಡರೆ ಹೆಚ್ಚಿಗೆ ತಗಲುವ ಮುದ್ರಾಂಕ ಶುಲ್ಕ ಒಂದು ಸಾವಿರ ರೂಪಾಯಿ ಮಾತ್ರ. ಪತ್ರವನ್ನು ಅವಳ ಮುಂದೆ ಪೂರ್ತಿ ಓದಿಸಿ, ಈ ಲೆಕ್ಕವನ್ನೂ ಹೇಳಿ, ಆಮೇಲೆ ಅವಳು ಏನನ್ನುತ್ತಾಳೋ ಹಾಗೆ ನಡೆಯುವುದು ನ್ಯಾಯ.