ಐದು ವರ್ಷದ ಹಣಕ್ಕೆ ಇಂದಿನ ಬೆಲೆ ಕಟ್ಟುವ ಲೆಕ್ಕ

ಬಿ.ಕಾಂ. ವಿದ್ಯಾರ್ಥಿಗಳು ಹಣಕಾಸು ನಿರ್ವಹಣೆಯ ಪತ್ರಿಕೆಯಲ್ಲಿ ಎದುರಿಸುವ ಬಗೆಯ ಒಂದು ಪ್ರಶ್ನೆ ಇಲ್ಲಿದೆ.

'ಕಂಪನಿಯೊಂದು 2,00,000 ರೂಪಾಯಿಯ ಯಂತ್ರ ಕೊಳ್ಳಬೇಕೆಂದಿದೆ. ಯಂತ್ರದ ಆಯುಷ್ಯ 5 ವರ್ಷ, ಕೊನೆಗೆ ಗುಜರಿ ಬೆಲೆ ಇಲ್ಲ. ಸವಕಳಿ ಮತ್ತು ತೆರಿಗೆ ಕಳೆಯುವ ಮೊದಲಿನ ಲಾಭ ಕ್ರಮವಾಗಿ 60,000, 70,000, 80,000, 60,000 ಮತ್ತು 50,000 ರೂಪಾಯಿ. ಸವಕಳಿ ಸರಳ ರೇಖಾ ಪದ್ಧತಿಯಲ್ಲಿ. ತೆರಿಗೆ ಶೇ. 30. ಬಂಡವಾಳದ ವೆಚ್ಚ ಶೇ. 10. ನಿವ್ವಳ ಪ್ರಸ್ತುತ ಮೌಲ್ಯ ಕಂಡುಹಿಡಿದು, ಯಂತ್ರ ಕೊಳ್ಳಬಹುದೇ ತಿಳಿಸಿ.'

ಪ್ರಶ್ನೆಯ ಕೆಳಗೆ ಶೇ. 10ರ ಪಿವಿ ಫ್ಯಾಕ್ಟರ್‌ಗಳನ್ನು ಕೊಟ್ಟಿರುತ್ತಾರೆ: 0.909, 0.826, 0.751, 0.683, 0.621. ಇವನ್ನು ಕಂಡ ಕೂಡಲೇ ಗುಣಿಸಲು ಕೈ ಓಡುತ್ತದೆ. ಅಂಕ ಕೈತಪ್ಪುವುದು ಅಲ್ಲೇ. ಗುಣಾಕಾರ ಈ ಲೆಕ್ಕದ ಸುಲಭದ ಭಾಗ. ಯಾವ ಮೊತ್ತವನ್ನು ಗುಣಿಸಬೇಕು ಎಂದು ಗೊತ್ತುಮಾಡಿಕೊಳ್ಳುವುದರಲ್ಲೇ ಅರ್ಧಕ್ಕಿಂತ ಹೆಚ್ಚು ಕೆಲಸವಿದೆ.

ಟೇಬಲ್ಲಿನಲ್ಲಿ ಇರುವುದೇನು?

ಇಂದು 100 ರೂಪಾಯಿಯನ್ನು ಶೇ. 10ಕ್ಕೆ ಹಾಕಿದರೆ ವರ್ಷದ ಕೊನೆಗೆ 110 ಆಗುತ್ತದೆ. ಹಾಗಾದರೆ ವರ್ಷದ ಕೊನೆಗೆ ಸಿಗುವ 1 ರೂಪಾಯಿಗೆ ಇಂದಿನ ಬೆಲೆ ಎಷ್ಟು? ಒಂದನ್ನು 1.10ರಿಂದ ಭಾಗಿಸಿ: 0.909. ಅಂದರೆ ಸುಮಾರು 91 ಪೈಸೆ. ಎರಡು ವರ್ಷ ಕಾಯಬೇಕಾದ ರೂಪಾಯಿಗೆ ಇದನ್ನೇ ಮತ್ತೊಮ್ಮೆ 1.10ರಿಂದ ಭಾಗಿಸಬೇಕು: 0.826. ಹೀಗೆ ಐದನೇ ವರ್ಷಕ್ಕೆ ಬರುವಾಗ 0.621. ಐದು ವರ್ಷದ ನಂತರ ಕೈಗೆ ಬರುವ ರೂಪಾಯಿ ಇಂದಿನ 62 ಪೈಸೆಗೆ ಸಮ.

ಟೇಬಲ್ಲಿನ ಅಡ್ಡಸಾಲುಗಳಲ್ಲಿ ವರ್ಷ, ಮೇಲಿನಿಂದ ಕೆಳಗಿಳಿಯುವ ಕಾಲಂಗಳಲ್ಲಿ ಬಡ್ಡಿದರ ಇರುತ್ತದೆ. ಇಂಥ ಬಡ್ಡಿ ಕೋಷ್ಟಕಗಳನ್ನು ಸೈಮನ್ ಸ್ಟೆವಿನ್ 1582ರಲ್ಲೇ ಆಂಟ್‌ವರ್ಪ್‌ನಲ್ಲಿ ಅಚ್ಚು ಹಾಕಿಸಿದ್ದ. ಮತ್ತೆ ಮತ್ತೆ ಭಾಗಿಸುವ ಶ್ರಮ ತಪ್ಪಲೆಂದೇ ಇವು ಹುಟ್ಟಿದ್ದು. ಪರೀಕ್ಷಾ ಕೊಠಡಿಯಲ್ಲೂ ಇವುಗಳಿಂದ ಆಗುವ ಉಪಕಾರ ಅಷ್ಟೇ.

ಮೊದಲ ಹೆಜ್ಜೆ: ಲಾಭವನ್ನು ನಗದಿಗೆ ಇಳಿಸುವುದು

ಟೇಬಲ್ಲಿನ ಫ್ಯಾಕ್ಟರ್ ಗುಣಿಸುವುದು ನಗದನ್ನು, ಲಾಭವನ್ನಲ್ಲ. ಪ್ರಶ್ನೆಯಲ್ಲಿ ಕೊಟ್ಟಿರುವುದು ಲಾಭ. ಆದ್ದರಿಂದ ಪ್ರತಿ ವರ್ಷ ನಿಜವಾಗಿ ಕೈಗೆ ಬರುವ ಹಣ ಎಷ್ಟೆಂದು ಮೊದಲು ನೋಡಬೇಕು.

ವಾರ್ಷಿಕ ಸವಕಳಿ ಎಂದರೆ 2,00,000ವನ್ನು 5ರಿಂದ ಭಾಗಿಸಿದಾಗ ಸಿಗುವ 40,000 ರೂಪಾಯಿ. ಮೊದಲ ವರ್ಷವನ್ನು ತೆಗೆದುಕೊಳ್ಳಿ. 60,000ದಲ್ಲಿ ಸವಕಳಿ 40,000 ಕಳೆದರೆ 20,000. ಇದರ ಮೇಲೆ ಶೇ. 30 ತೆರಿಗೆ 6,000. ತೆರಿಗೆಯ ನಂತರದ ಲಾಭ 14,000. ಇದಕ್ಕೆ ಸವಕಳಿಯ 40,000ವನ್ನು ವಾಪಸು ಸೇರಿಸಿದರೆ 54,000. ಇದೇ ಮೊದಲ ವರ್ಷದ ನಗದು ಒಳಹರಿವು.

ಕಳೆದದ್ದನ್ನೇ ಮತ್ತೆ ಏಕೆ ಸೇರಿಸಬೇಕು? ಸವಕಳಿಗಾಗಿ ಕಂಪನಿ ಆ ವರ್ಷ ಯಾರಿಗೂ ಹಣ ಕೊಟ್ಟಿಲ್ಲ. ಯಂತ್ರದ ಹಣ ಮೊದಲ ದಿನವೇ ಹೋಗಿದೆ. ಆ 2,00,000ವನ್ನು ಲೆಕ್ಕದ ಕೊನೆಯಲ್ಲಿ ಪೂರ್ತಿ ಕಳೆಯಲಿದ್ದೇವೆ. ವರ್ಷಕ್ಕೆ 40,000ದಂತೆ ಇಲ್ಲೂ ಕಳೆದರೆ ಒಂದೇ ಖರ್ಚನ್ನು ಎರಡು ಸಲ ಬರೆದಂತಾಗುತ್ತದೆ. ಹಾಗಿದ್ದರೆ ಸವಕಳಿಯನ್ನು ಮರೆತೇಬಿಡಬಹುದಲ್ಲ ಎಂದರೆ, ಅದೂ ಆಗದು. ಅದು ತೆರಿಗೆ ಹಾಕುವ ಲಾಭವನ್ನು ತಗ್ಗಿಸುತ್ತದೆ, ವರ್ಷಕ್ಕೆ 12,000 ರೂಪಾಯಿ ತೆರಿಗೆ ಉಳಿಸುತ್ತದೆ. ತೆರಿಗೆ ಲೆಕ್ಕ ಹಾಕುವವರೆಗೆ ಸವಕಳಿ ಬೇಕು, ಆಮೇಲೆ ಅದನ್ನು ಹಿಂದಕ್ಕೆ ಸೇರಿಸಬೇಕು.

ಈ ಹೆಜ್ಜೆ ಸರಿಯಾಗಿದೆಯೇ ಎಂದು ನೋಡಲು ಸುಲಭದ ದಾರಿಯೊಂದಿದೆ. ಸವಕಳಿಗೆ ಮುಂಚಿನ ಲಾಭದಿಂದ ತೆರಿಗೆಯನ್ನು ನೇರವಾಗಿ ಕಳೆಯಿರಿ. 60,000ದಲ್ಲಿ 6,000 ಹೋದರೆ 54,000. ಎರಡೂ ದಾರಿಗಳಲ್ಲಿ ಒಂದೇ ಉತ್ತರ ಬರಲೇಬೇಕು.

ಎರಡನೇ ಹೆಜ್ಜೆ: ಸಾಲಿಗೆ ಸಾಲು ಹೊಂದಿಸಿ ಗುಣಿಸುವುದು

ಉಳಿದ ನಾಲ್ಕು ವರ್ಷಗಳಿಗೂ ಹೀಗೇ ಮಾಡಿದರೆ ಐದು ನಗದು ಮೊತ್ತಗಳು ಸಿಗುತ್ತವೆ. ಈಗ ಟೇಬಲ್ ಬಳಸಬಹುದು.

| ವರ್ಷ | ನಗದು ಒಳಹರಿವು (ರೂ.) | ಪಿವಿ ಫ್ಯಾಕ್ಟರ್ | ಪ್ರಸ್ತುತ ಮೌಲ್ಯ (ರೂ.) |
|---|---|---|---|
| 1 | 54,000 | 0.909 | 49,086 |
| 2 | 61,000 | 0.826 | 50,386 |
| 3 | 68,000 | 0.751 | 51,068 |
| 4 | 54,000 | 0.683 | 36,882 |
| 5 | 47,000 | 0.621 | 29,187 |
| ಒಟ್ಟು | 2,84,000 | | 2,16,609 |

ಮೊದಲ ಮತ್ತು ನಾಲ್ಕನೇ ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಬರುವುದು 54,000. ಆದರೆ ಒಂದಕ್ಕೆ ಇಂದಿನ ಬೆಲೆ 49,086, ಇನ್ನೊಂದಕ್ಕೆ 36,882. ಮೂರು ವರ್ಷ ಹೆಚ್ಚು ಕಾದದ್ದಕ್ಕೆ 12,204 ರೂಪಾಯಿ ಕಡಿಮೆ.

ಮೂರನೇ ಹೆಜ್ಜೆ: ಕಳೆಯುವುದು, ಅರ್ಥ ಮಾಡಿಕೊಳ್ಳುವುದು

ಯಂತ್ರದ 2,00,000 ಇಂದೇ ಕೈಬಿಡುವ ಹಣ. ಅದರ ವರ್ಷ ಸೊನ್ನೆ, ಫ್ಯಾಕ್ಟರ್ 1. ಹಾಗಾಗಿ ಅದನ್ನು 0.909ರಿಂದ ಗುಣಿಸಬಾರದು. 2,16,609ರಲ್ಲಿ 2,00,000 ಕಳೆದರೆ ನಿವ್ವಳ ಪ್ರಸ್ತುತ ಮೌಲ್ಯ 16,609 ರೂಪಾಯಿ. ಧನಾತ್ಮಕವಾಗಿರುವುದರಿಂದ ಯಂತ್ರ ಕೊಳ್ಳಬಹುದು.

ಈ 16,609 ಎಲ್ಲಿಂದ ಬಂತು, ಅದು ಯಾರ ಹಣ? ಕಂಪನಿ ಆ 2,00,000ವನ್ನು ಪೂರ್ತಿಯಾಗಿ ಶೇ. 10ರ ಸಾಲವಾಗಿ ತಂದಿದೆ ಎಂದುಕೊಳ್ಳಿ. ಮೊದಲ ವರ್ಷದ ಕೊನೆಗೆ ಬಡ್ಡಿ ಸೇರಿ ಸಾಲ 2,20,000. ಯಂತ್ರ ತಂದ 54,000ವನ್ನು ಕಟ್ಟಿದರೆ ಉಳಿಯುವ ಬಾಕಿ 1,66,000. ಎರಡನೇ ವರ್ಷ ಅದು ಬಡ್ಡಿಯೊಂದಿಗೆ 1,82,600 ಆಗುತ್ತದೆ. 61,000 ಕಟ್ಟಿದ ಮೇಲೆ 1,21,600. ಮೂರನೇ ವರ್ಷದ ಕೊನೆಗೆ ಬಾಕಿ 65,760, ನಾಲ್ಕನೇ ವರ್ಷದ ಕೊನೆಗೆ 18,336. ಐದನೇ ವರ್ಷ ಬಡ್ಡಿ ಸೇರಿ ಸುಮಾರು 20,170 ಕಟ್ಟಬೇಕಿದೆ, ಕೈಯಲ್ಲಿರುವುದು 47,000. ಸಾಲ, ಬಡ್ಡಿ ಎಲ್ಲ ತೀರಿ 26,830 ರೂಪಾಯಿ ಮಿಕ್ಕಿತು. ಐದು ವರ್ಷದ ಆಚೆಗಿರುವ ಈ ಮಿಕ್ಕ ಹಣವನ್ನು 0.621ರಿಂದ ಗುಣಿಸಿದರೆ 16,661. ಟೇಬಲ್ಲಿನಿಂದ ಬಂದ ಉತ್ತರದ ಪಕ್ಕದಲ್ಲೇ ಇದೆ.

ಹೀಗೆ ನೋಡಿದಾಗ ನಿವ್ವಳ ಪ್ರಸ್ತುತ ಮೌಲ್ಯದ ಅರ್ಥ ತಿಳಿಯಾಗುತ್ತದೆ. ಹಾಕಿದ ಬಂಡವಾಳ ವಾಪಸಾಗಿ, ವರ್ಷವರ್ಷವೂ ಉಳಿದ ಬಾಕಿಗೆ ಶೇ. 10ರ ಬಡ್ಡಿಯೂ ಸಂದು, ಆಮೇಲೂ ಮಿಕ್ಕದ್ದರ ಇಂದಿನ ಬೆಲೆ ಅದು. ಆದ್ದರಿಂದಲೇ ಉತ್ತರ ಸೊನ್ನೆ ಬಂದರೆ ನಷ್ಟವಾಯಿತೆಂದು ಅರ್ಥವಲ್ಲ, ಸರಿಯಾಗಿ ಶೇ. 10 ದಕ್ಕಿತು, ಹೆಚ್ಚೇನೂ ಮಿಗಲಿಲ್ಲ ಎಂದರ್ಥ.

ಎರಡು ಉತ್ತರಗಳ ನಡುವೆ ಸುಮಾರು 50 ರೂಪಾಯಿ ವ್ಯತ್ಯಾಸ ಬಂದದ್ದಕ್ಕೆ ಗಾಬರಿ ಬೇಡ. 0.909 ಎಂಬುದು ನಿಜದಲ್ಲಿ 0.90909 ಎಂದು ಮುಂದುವರಿಯುವ ಸಂಖ್ಯೆ. ಟೇಬಲ್ ಅದನ್ನು ಮೂರು ದಶಮಾಂಶಕ್ಕೆ ನಿಲ್ಲಿಸಿದೆ. ಪ್ರಶ್ನೆಯಲ್ಲಿ ಫ್ಯಾಕ್ಟರ್ ಕೊಟ್ಟಿದ್ದರೆ ಅದನ್ನೇ ಬಳಸಿ. ಕ್ಯಾಲ್ಕುಲೇಟರ್‌ನಲ್ಲಿ ಹೆಚ್ಚು ನಿಖರವಾಗಿ ತೆಗೆದರೆ ಸಾಲು ಸಾಲಿಗೂ ಮೊತ್ತ ಸ್ವಲ್ಪ ಬೇರೆಯಾಗಿ, ತಾಳೆ ನೋಡುವುದು ಕಷ್ಟವಾಗುತ್ತದೆ.

ತಪ್ಪಿದರೆ ಗೊತ್ತಾಗುವುದು ಹೇಗೆ?

ಸವಕಳಿ ವಾಪಸು ಸೇರಿಸುವುದನ್ನು ಮರೆತು, ತೆರಿಗೆಯ ನಂತರದ ಲಾಭವನ್ನೇ ಗುಣಿಸಿದಿರಿ ಎನ್ನಿ. ಆಗ ಒಟ್ಟು ಪ್ರಸ್ತುತ ಮೌಲ್ಯ 65,009 ಮಾತ್ರ. ನಿವ್ವಳ ಮೌಲ್ಯ 1,34,991 ರೂಪಾಯಿ ಋಣಾತ್ಮಕ. ಕೊಳ್ಳಬಹುದಾದ ಯಂತ್ರವನ್ನು ಬೇಡವೆಂದಂತಾಯಿತು. ಬಂಡವಾಳದ ಹೆಚ್ಚಿನ ಪಾಲೇ ಮುಳುಗಿಹೋಯಿತು ಎನ್ನುವಂಥ ಉತ್ತರ ಬಂದಾಗ, ಮೊದಲು ಅನುಮಾನ ಪಡಬೇಕಾದದ್ದು ಸವಕಳಿಯ ಸಾಲನ್ನು.

ಎರಡನೆಯದು, ತಪ್ಪು ಟೇಬಲ್. ಪುಸ್ತಕದ ಕೊನೆಯಲ್ಲಿ ಎರಡು ಟೇಬಲ್‌ಗಳು ಅಕ್ಕಪಕ್ಕ ಇರುತ್ತವೆ: ಒಂದು ಸಲ ಬರುವ ರೂಪಾಯಿಗೆ ಒಂದು, ಪ್ರತಿ ವರ್ಷ ಬರುವ ರೂಪಾಯಿಗೆ, ಅಂದರೆ ಆನ್ಯುಯಿಟಿಗೆ, ಇನ್ನೊಂದು. ಎರಡರಲ್ಲೂ ಶೇ. 10ರ ಮೊದಲ ಸಾಲು 0.909. ಅದಕ್ಕೇ ಮೋಸಹೋಗುವುದು ಸುಲಭ. ಎರಡನೇ ಸಾಲಿಗೆ ಇಳಿದು ನೋಡಿ. 0.826 ಇದ್ದರೆ ನಮಗೆ ಬೇಕಾದ ಟೇಬಲ್, 1.736 ಇದ್ದರೆ ಆನ್ಯುಯಿಟಿ. ನಮ್ಮ ಟೇಬಲ್ಲಿನಲ್ಲಿ ಕೆಳಗಿಳಿದಂತೆ ಸಂಖ್ಯೆ ಇಳಿಯುತ್ತದೆ, ಎಂದೂ ಒಂದನ್ನು ದಾಟುವುದಿಲ್ಲ.

ಐದೂ ವರ್ಷ ಒಂದೇ ಮೊತ್ತ ಬರುವುದಾದರೆ ಆನ್ಯುಯಿಟಿ ಟೇಬಲ್ಲಿನ 3.791ರಿಂದ ಒಮ್ಮೆ ಗುಣಿಸಿದರೆ ಸಾಕಿತ್ತು. ಇಲ್ಲಿ ಮೊತ್ತಗಳು ಬೇರೆ ಬೇರೆ. ಸರಾಸರಿ 56,800 ತೆಗೆದು ಅದನ್ನು 3.791ರಿಂದ ಗುಣಿಸಿದರೆ 2,15,329 ಬರುತ್ತದೆ. ಸರಿಯುತ್ತರಕ್ಕೆ ಹತ್ತಿರವಿರುವುದರಿಂದಲೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಯಾವ ಹಣ ಯಾವ ವರ್ಷ ಬಂತು ಎಂಬುದನ್ನು ಸರಾಸರಿ ಅಳಿಸಿಹಾಕುತ್ತದೆ, ಈ ಲೆಕ್ಕ ಅಳೆಯುವುದೇ ಅದನ್ನು.

ಉತ್ತರದ ಮಿತಿ

ಈ ಟೇಬಲ್ ಪ್ರತಿ ವರ್ಷದ ಹಣವೂ ಆ ವರ್ಷದ ಕೊನೆಯ ದಿನ ಒಟ್ಟಿಗೆ ಬರುತ್ತದೆ ಎಂದು ಊಹಿಸಿಕೊಳ್ಳುತ್ತದೆ. ನಿಜದ ವ್ಯಾಪಾರದಲ್ಲಿ ಹಣ ವರ್ಷವಿಡೀ ಬರುತ್ತಿರುತ್ತದೆ. ಪರೀಕ್ಷೆಯಲ್ಲಿ ಬೇರೇನೂ ಹೇಳದಿದ್ದರೆ ವರ್ಷಾಂತ್ಯವೆಂದೇ ತೆಗೆದುಕೊಳ್ಳಬೇಕು.

ಇದಕ್ಕಿಂತ ಮುಖ್ಯವಾದದ್ದು ಕಾಲಂನ ಆಯ್ಕೆ. ಇದೇ ಐದು ಮೊತ್ತಗಳನ್ನು ಶೇ. 14ರ ಕಾಲಂನಿಂದ, ಅಂದರೆ 0.877, 0.769, 0.675, 0.592, 0.519ರಿಂದ ಗುಣಿಸಿ ಕೂಡಿಸಿ. ಒಟ್ಟು 1,96,528 ಬರುತ್ತದೆ. ನಿವ್ವಳ ಮೌಲ್ಯ 3,472 ರೂಪಾಯಿ ಋಣಾತ್ಮಕ. ಯಂತ್ರ ಅದೇ, ಆದಾಯವೂ ಅದೇ, ಆದರೂ ತೀರ್ಮಾನ ತಿರುಗಿತು. ಈ ಯಂತ್ರ ನಿಜವಾಗಿ ಗಳಿಸುವ ದರ ಶೇ. 10 ಮತ್ತು 14ರ ನಡುವೆ, ಸುಮಾರು ಶೇ. 13ರ ಆಸುಪಾಸಿನಲ್ಲಿದೆ ಎಂದು ಇದರಿಂದಲೇ ತಿಳಿಯುತ್ತದೆ. ಆದ್ದರಿಂದ ಉತ್ತರದ ಕೊನೆಯ ಸಾಲಿನಲ್ಲಿ 'ಯಂತ್ರ ಕೊಳ್ಳಬಹುದು' ಎಂದಷ್ಟೇ ಬರೆದರೆ ಅರ್ಧ ಹೇಳಿದಂತೆ. 'ಬಂಡವಾಳದ ವೆಚ್ಚ ಶೇ. 10 ಇರುವಾಗ ನಿವ್ವಳ ಪ್ರಸ್ತುತ ಮೌಲ್ಯ 16,609 ರೂಪಾಯಿ ಧನಾತ್ಮಕವಾಗಿದೆ. ಆದ್ದರಿಂದ ಯಂತ್ರ ಕೊಳ್ಳಬಹುದು' ಎಂದು ದರವನ್ನೂ ಸೇರಿಸಿ ಬರೆಯಿರಿ.